ಬ್ಯಾಂಕ್ ಟಿಡಿಎಸ್ ಹಿಡಿಯದಿದ್ದರೆ ಎಫ್‌ಡಿ ಬಡ್ಡಿಗೆ ತೆರಿಗೆ ಇಲ್ಲವೇ?

ಜೂನ್-ಜುಲೈ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಮಾತು ಓಡಾಡುತ್ತವೆ. ‘ಬಡ್ಡಿ 50 ಸಾವಿರ ದಾಟದಿದ್ದರೆ ತೆರಿಗೆ ಇಲ್ಲ’ ಅನ್ನುವುದು ಒಂದು. ‘12 ಲಕ್ಷದವರೆಗೆ ಸಂಬಳ ಇದ್ದವರು ಏನೂ ಕಟ್ಟಬೇಕಿಲ್ಲ’ ಅನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ನಿಜವಿದೆ. ಎರಡನ್ನೂ ಒಟ್ಟಿಗೆ ನಂಬಿದರೆ ಮಾತ್ರ ಕೈಸುಡುತ್ತದೆ.

50 ಸಾವಿರ ಎನ್ನುವುದು ತೆರಿಗೆಯ ಮಿತಿಯಲ್ಲ, ಬ್ಯಾಂಕಿನ ಮಿತಿ. 2025ರ ಏಪ್ರಿಲ್ 1ರಿಂದ, ಒಂದು ಬ್ಯಾಂಕ್ ಒಬ್ಬರಿಗೆ ವರ್ಷಕ್ಕೆ ಕೊಡುವ ಠೇವಣಿ ಬಡ್ಡಿ 50 ಸಾವಿರ ದಾಟಿದರೆ ಶೇ. 10 ಟಿಡಿಎಸ್ ಹಿಡಿಯಬೇಕು. ಹಿರಿಯ ನಾಗರಿಕರಿಗೆ ಈ ಮಿತಿ 1 ಲಕ್ಷ. ಅದಕ್ಕಿಂತ ಕಡಿಮೆ ಇದ್ದರೆ ಬ್ಯಾಂಕ್ ಹಿಡಿಯುವುದಿಲ್ಲ, ಅಷ್ಟೇ. ಬಡ್ಡಿ ಮಾತ್ರ ಮೊದಲ ರೂಪಾಯಿಯಿಂದಲೇ ನಿಮ್ಮ ಆದಾಯ. ಹಿಡಿದ ಶೇ. 10 ಕೂಡ ಮುಂಗಡವೇ ಹೊರತು ಅಂತಿಮ ತೆರಿಗೆಯಲ್ಲ.

ಅರೆಕೆರೆಯ ಒಂದು ಲೆಕ್ಕ

ಲೆಕ್ಕಕ್ಕಾಗಿ ಒಬ್ಬರನ್ನು ಊಹಿಸಿಕೊಳ್ಳಿ. ಮನೆ ಅರೆಕೆರೆಯಲ್ಲಿ, ಕೆಲಸ ಬನ್ನೇರುಘಟ್ಟ ರಸ್ತೆಯ ಕಂಪನಿಯೊಂದರಲ್ಲಿ. 2025-26ರಲ್ಲಿ ಅವರ ಸಂಬಳ 12,50,000 ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 11,75,000. ಇದು 12 ಲಕ್ಷದ ಒಳಗಿರುವುದರಿಂದ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಕಂಪನಿ ಒಂದು ರೂಪಾಯಿಯನ್ನೂ ಹಿಡಿದಿಲ್ಲ, ಫಾರ್ಮ್ 16ರಲ್ಲೂ ಸೊನ್ನೆ. ಅವರು ನಿಶ್ಚಿಂತೆಯಿಂದಿದ್ದಾರೆ.

ಆದರೆ ಒಂದು ಬ್ಯಾಂಕಿನ ಎಫ್‌ಡಿಯಿಂದ 24,000, ಇನ್ನೊಂದು ಬ್ಯಾಂಕಿನಿಂದ 14,000, ಉಳಿತಾಯ ಖಾತೆಯಿಂದ 4,000 ಬಡ್ಡಿ ಬಂದಿದೆ. ಒಟ್ಟು 42,000. ಯಾವ ಬ್ಯಾಂಕೂ ಟಿಡಿಎಸ್ ಹಿಡಿದಿಲ್ಲ. ಈಗ ಒಟ್ಟು ಆದಾಯ 12,17,000. ಗೆರೆ ದಾಟಿತು, ರಿಬೇಟ್ ಹೋಯಿತು.

ಸ್ಲ್ಯಾಬ್ ಪ್ರಕಾರ ತೆರಿಗೆ 62,550 ರೂಪಾಯಿ. ಅಷ್ಟು ಕಟ್ಟಬೇಕಿಲ್ಲ, ಏಕೆಂದರೆ ಗೆರೆಯನ್ನು ಸ್ವಲ್ಪವೇ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಇದೆ: 12 ಲಕ್ಷದ ಮೇಲೆ ಎಷ್ಟು ಗಳಿಸಿದ್ದೀರೋ ಅದಕ್ಕಿಂತ ತೆರಿಗೆ ಹೆಚ್ಚಾಗಬಾರದು. ಹಾಗಾಗಿ ತೆರಿಗೆ 17,000, ಅದರ ಮೇಲೆ ಶೇ. 4 ಸೆಸ್ 680, ಒಟ್ಟು 17,680. ಬಂದ ಬಡ್ಡಿ 42,000, ಅದರಲ್ಲಿ ಹೋಗುವುದು 17,680! ಈ ಪಟ್ಟಿಯೊಳಗೆ ಗೆರೆಯ ಮೇಲಿನ ಪ್ರತಿ ರೂಪಾಯಿಯೂ ಪೂರ್ತಿ ತೆರಿಗೆಗೇ ಹೋಗುತ್ತದೆ. ಸುಮಾರು 12 ಲಕ್ಷ 70 ಸಾವಿರದವರೆಗೆ ಇದೇ ಕಥೆ.

ಇನ್ನೂ ಒಂದಿದೆ. ಕಟ್ಟಬೇಕಾದ ತೆರಿಗೆ 10,000 ಅಥವಾ ಹೆಚ್ಚಿದ್ದರೆ ವರ್ಷದೊಳಗೇ ಕಂತುಗಳಲ್ಲಿ ಮುಂಗಡ ತೆರಿಗೆ ಕಟ್ಟಬೇಕಿತ್ತು. ಇವರು ಕಟ್ಟಿಲ್ಲವಾದ್ದರಿಂದ, ಜುಲೈನಲ್ಲಿ ಕಟ್ಟುವಾಗ ಮೇಲೆ ಸುಮಾರು 1,600 ರೂಪಾಯಿ ಬಡ್ಡಿಯೂ ಸೇರುತ್ತದೆ. ಎಫ್‌ಡಿ ಬಡ್ಡಿಯ ಅಂದಾಜನ್ನು ಮೊದಲೇ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ತಿಳಿಸಿದ್ದರೆ ಅವರು ಸಂಬಳದಲ್ಲೇ ತೆರಿಗೆ ಹಿಡಿಯುತ್ತಿದ್ದರು, ಈ ದಂಡ ತಪ್ಪುತ್ತಿತ್ತು.

ಟಿಡಿಎಸ್ ಇಲ್ಲದ ಬಡ್ಡಿ ಇಲಾಖೆಗೆ ಗೊತ್ತಾಗುವುದೇ?

ಗೊತ್ತಾಗುತ್ತದೆ. 26ಎಎಸ್ ನೋಡಿ ‘ಏನೂ ಇಲ್ಲ’ ಎಂದು ಸುಮ್ಮನಾಗುವವರು ಇಲ್ಲೇ ಎಡವುತ್ತಾರೆ. ಮುಖ್ಯವಾಗಿ ತೆರಿಗೆ ಹಿಡಿದದ್ದು, ಕಟ್ಟಿದ್ದು ಮಾತ್ರ ಅದರಲ್ಲಿ ಕಾಣುತ್ತದೆ. ಆದರೆ ಬ್ಯಾಂಕುಗಳು ಟಿಡಿಎಸ್ ಹಿಡಿಯದ ಬಡ್ಡಿಯನ್ನೂ ಪ್ಯಾನ್ ಸಮೇತ ಇಲಾಖೆಗೆ ವರದಿ ಮಾಡುತ್ತವೆ. ಅದು ಕಾಣುವುದು ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ. 2021ರ ನವೆಂಬರ್‌ನಿಂದ ಇದು ಎಲ್ಲರಿಗೂ ಸಿಗುತ್ತಿದೆ.

`incometax.gov.in`ಗೆ ಲಾಗಿನ್ ಆಗಿ `AIS` ಒತ್ತಿದರೆ ಸಾಕು. ಫೋನಿನಲ್ಲಿ ನೋಡುವವರಿಗೆ `AIS for Taxpayer` ಎಂಬ ಇಲಾಖೆಯದೇ ಆ್ಯಪ್ ಇದೆ. ಪಿಡಿಎಫ್ ಇಳಿಸಿಕೊಂಡರೆ ಪಾಸ್‌ವರ್ಡ್ ಕೇಳುತ್ತದೆ: ಸಣ್ಣ ಅಕ್ಷರಗಳಲ್ಲಿ ಪ್ಯಾನ್, ಅದಕ್ಕೆ ಅಂಟಿಕೊಂಡಂತೆ ಹುಟ್ಟಿದ ದಿನ, ತಿಂಗಳು, ವರ್ಷ. ಬ್ಯಾಂಕುಗಳು ವರದಿ ಕೊಡಲು ಮೇ 31ರವರೆಗೆ ಸಮಯವಿರುವುದರಿಂದ ಏಪ್ರಿಲ್‌ನಲ್ಲಿ ನೋಡಿದ ಎಐಎಸ್ ಅರೆಬರೆ ಇರಬಹುದು. ಜೂನ್ ಮಧ್ಯದ ನಂತರ ನೋಡುವುದು ಒಳ್ಳೆಯದು.

ಜೊತೆಗೆ ಪ್ರತಿ ಬ್ಯಾಂಕಿನ ಆ್ಯಪ್‌ನಿಂದ ಬಡ್ಡಿ ಪ್ರಮಾಣಪತ್ರ ತೆಗೆದುಕೊಂಡು, ಒಂದೊಂದು ಖಾತೆಯನ್ನೂ ಎಐಎಸ್ ಜೊತೆ ತಾಳೆ ನೋಡಿ. ಎಫ್‌ಡಿ ಇನ್ನೂ ಮುಗಿದಿಲ್ಲ, ದುಡ್ಡು ಕೈಗೆ ಬಂದಿಲ್ಲ ಎನ್ನಬೇಡಿ. ಬ್ಯಾಂಕುಗಳು ಸಾಮಾನ್ಯವಾಗಿ ಆಯಾ ವರ್ಷ ಸೇರಿದ ಬಡ್ಡಿಯನ್ನು ಆಯಾ ವರ್ಷವೇ ವರದಿ ಮಾಡುತ್ತವೆ. ಕಳೆದ ವರ್ಷ ತೆರಿಗೆ ರಿಫಂಡ್ ಜೊತೆ ಬಂದ ಪುಟ್ಟ ಬಡ್ಡಿಯೂ ಆದಾಯವೇ. ಬಹಳ ಮಂದಿ ಮರೆಯುವುದು ಅದನ್ನೇ.

ಎಐಎಸ್ ಕೂಡ ವೇದವಾಕ್ಯವಲ್ಲ

ನಮ್ಮ ಅರೆಕೆರೆಯವರ ಎಐಎಸ್‌ನಲ್ಲಿ 42,000 ಬದಲು 60,000 ಇದೆ ಎನ್ನೋಣ. ಹೆಚ್ಚುವರಿ 18,000 ಎಲ್ಲಿಯದು? ಹುಡುಕಿದರೆ ಅದು ಅಮ್ಮನ ನಿವೃತ್ತಿ ಹಣದ ಎಫ್‌ಡಿ. ಬ್ಯಾಂಕ್ ಓಡಾಟಕ್ಕೆ ಅನುಕೂಲವೆಂದು ಜಂಟಿಯಾಗಿ ಇಟ್ಟು, ಮೊದಲ ಹೆಸರು ಮಗನದು ಹಾಕಿಸಿದ್ದಾರೆ. ಬ್ಯಾಂಕ್ ವರದಿ ಮಾಡುವುದು ಮೊದಲ ಹೆಸರಿನವರ ಪ್ಯಾನ್‌ಗೆ. ಪೋರ್ಟಲ್ ರಿಟರ್ನ್ ಫಾರ್ಮಿನಲ್ಲಿ ತಾನೇ ತುಂಬಿಕೊಡುವ ಅಂಕಿಯೂ ಇಲ್ಲಿಂದಲೇ ಬರುತ್ತದೆ. ಕಣ್ಣುಮುಚ್ಚಿ ಒಪ್ಪಿಕೊಂಡರೆ ಅಮ್ಮನ 18,000 ಬಡ್ಡಿಗೆ ಮಗ 18,720 ತೆರಿಗೆ ಹೆಚ್ಚು ಕಟ್ಟಿದಂತೆ!

ತೆರಿಗೆ ಯಾರದು ಎನ್ನುವುದು ದುಡ್ಡು ಯಾರದು ಎನ್ನುವುದರ ಮೇಲೆ ನಿಲ್ಲುತ್ತದೆ, ಹೆಸರಿನ ಕ್ರಮದ ಮೇಲಲ್ಲ. ಎಐಎಸ್‌ನಲ್ಲಿ ಆ ಸಾಲನ್ನು ಒತ್ತಿ `Information relates to other PAN/Year` ಆಯ್ದು ಅಮ್ಮನ ಪ್ಯಾನ್ ಕೊಡಬೇಕು. ಅಮ್ಮ ತಮ್ಮ ಲೆಕ್ಕದಲ್ಲಿ ಅದನ್ನು ತೋರಿಸಬೇಕು. ಹಣ ಅವರ ಖಾತೆಯಿಂದಲೇ ಹೋಗಿದೆ ಎನ್ನುವ ಪಾಸ್‌ಬುಕ್ ಪುಟವನ್ನು ಎತ್ತಿಟ್ಟುಕೊಳ್ಳಿ. ಇದೇ ನಿಯಮ ತಿರುಗಿಯೂ ಹೊಡೆಯುತ್ತದೆ: ನಿಮ್ಮ ದುಡ್ಡನ್ನು ಹೆಂಡತಿಯ ಹೆಸರಲ್ಲಿ ಎಫ್‌ಡಿ ಇಟ್ಟರೆ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ.

ಒಂದೇ ಬಡ್ಡಿ ಎರಡು ಸಲ ಕಾಣುವುದು ಇನ್ನೊಂದು ಸಾಮಾನ್ಯ ತೊಡಕು. ಟಿಡಿಎಸ್ ಹಿಡಿದ ಸಾಲಿನಲ್ಲೊಮ್ಮೆ, ಬ್ಯಾಂಕಿನ ಬಡ್ಡಿ ವರದಿಯಲ್ಲಿ ಮತ್ತೊಮ್ಮೆ. ಖಾತೆ ಸಂಖ್ಯೆ, ಮೊತ್ತ ಎರಡೂ ಹೊಂದಿದರೆ ಅದಕ್ಕೆ `Information is duplicate / included in other information` ಇದೆ. ನೀವು ಹೇಳಿದ್ದು ಸರಿಯೇ ಎಂದು ಬ್ಯಾಂಕನ್ನೂ ಕೇಳಬಹುದು, ಹಾಗಾಗಿ ತೆರಿಗೆ ಉಳಿಸಲು ನಿಜವಾದ ಬಡ್ಡಿಯನ್ನು ‘ನನ್ನದಲ್ಲ’ ಎನ್ನುವುದು ನಡೆಯುವ ಆಟವಲ್ಲ.

ಸರಿಹೊಂದಿದ ಮೇಲೆ ಫಾರ್ಮಿನ ಇತರ ಆದಾಯದ ಭಾಗದಲ್ಲಿ ಉಳಿತಾಯ ಖಾತೆಯ 4,000, ಠೇವಣಿಯ 38,000 ಬೇರೆ ಬೇರೆ ಬರೆಯಬೇಕು. ಉಳಿತಾಯ ಬಡ್ಡಿಗೆ 10,000ದವರೆಗಿನ ಕಡಿತ ಹಳೆ ಪದ್ಧತಿಯಲ್ಲಿ ಮಾತ್ರ ಇದೆ. ಬಾಕಿ ತೆರಿಗೆಯನ್ನು `e-Pay Tax`ನಲ್ಲಿ `Self-Assessment Tax` ಎಂದು ಕಟ್ಟಿ, ಚಲನ್ ವಿವರ ಫಾರ್ಮಿನಲ್ಲಿ ಬಂದಿದೆಯೇ ನೋಡಿ, ಆಮೇಲೆ ಸಲ್ಲಿಸಿ. 2025-26ರ ಆದಾಯಕ್ಕೆ ಕೊನೆಯ ದಿನ 2026ರ ಜುಲೈ 31. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸದಿದ್ದರೆ ಆ ದಿನಾಂಕಕ್ಕೆ ಬೆಲೆ ಉಳಿಯುವುದಿಲ್ಲ.

ಈಗಾಗಲೇ ಬಡ್ಡಿ ಬಿಟ್ಟು ಸಲ್ಲಿಸಿದ್ದರೆ ಪರಿಷ್ಕೃತ ರಿಟರ್ನ್ ಹಾಕಬಹುದು. ‘ನಿಮ್ಮ ರಿಟರ್ನ್ ಮಾಹಿತಿಗೆ ಹೊಂದುತ್ತಿಲ್ಲ’ ಎಂಬ ಎಸ್‌ಎಂಎಸ್ ಬಂದರೆ ಅದರಲ್ಲಿನ ಲಿಂಕ್ ಒತ್ತದೆ ನೇರವಾಗಿ ಪೋರ್ಟಲ್ ತೆರೆದು `Pending Actions` ನೋಡಿ. ಇಲಾಖೆ ನಿಜಕ್ಕೂ ಕೇಳಿದ್ದರೆ ಅಲ್ಲೇ ಇರುತ್ತದೆ.