ಮ್ಯಾಗ್ನೆಟ್ ಹಿಡಿಯದ ತಟ್ಟೆಗೂ ತುಕ್ಕು

ಅಕ್ಕನ ಮದುವೆಗೆ ಭಾಂಡೆ ಸಾಮಾನು ತರಲು ಅವ್ವನ ಜೊತೆ ಹೋಗಿದ್ದೆ. ಅಂಗಡಿಯವರು ಜೇಬಿನಿಂದ ಪುಟ್ಟ ಮ್ಯಾಗ್ನೆಟ್ ತೆಗೆದು ತಟ್ಟೆಗೆ ಹಿಡಿದರು. "ನೋಡ್ರಿ ಅಕ್ಕಾರ, ಹಿಡಿಯಂಗಿಲ್ಲ. ಅಸಲಿ ಸ್ಟೀಲ್ ಐತ್ರಿ." ಅವ್ವ ಒಪ್ಪಿದಳು. ವರ್ಷ ತುಂಬುವಷ್ಟರಲ್ಲಿ ಕೋಟನೂರಿನ ನಮ್ಮ ಮನೆಯಲ್ಲಿ ಉಳಿದ ಆರು ತಟ್ಟೆಗಳ ಮೇಲೆ ಕಂದು ಚುಕ್ಕಿ ಎದ್ದಿತ್ತು. "ನೀ ಇಂಜಿನಿಯರ್ ಅಲ್ಲೇನು? ಹೇಳು ಈಗ" ಅಂದಳು ಅವ್ವ.

ಉತ್ತರ ಹುಡುಕುತ್ತ ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಕಬ್ಬಿಣಕ್ಕೆ ಸುಮಾರು ಶೇ. 10.5ಕ್ಕಿಂತ ಹೆಚ್ಚು ಕ್ರೋಮಿಯಂ ಸೇರಿದರೆ ಮೇಲ್ಮೈ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕೂರುತ್ತದೆ. ತುಕ್ಕು ತಡೆಯುವುದು ಅದೇ. 1913ರಲ್ಲಿ ಶೆಫೀಲ್ಡ್‌ನ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಗೆ ಸವೆಯದ ಉಕ್ಕು ಹುಡುಕುತ್ತಿದ್ದರು. ಅವರು ಮಾಡಿದ, ಸುಮಾರು ಶೇ. 13 ಕ್ರೋಮಿಯಂ ಇದ್ದ ಒಂದು ಉಕ್ಕಿಗೆ ಆಸಿಡ್ ತಾಗುತ್ತಲೇ ಇರಲಿಲ್ಲ. ಅದರಲ್ಲಿ ಸ್ವಲ್ಪ ಇಂಗಾಲವೂ ಇತ್ತು. ಚೆನ್ನಾಗಿ ಕಾಯಿಸಿ ಥಟ್ಟನೆ ತಣಿಸಿದರೆ ಇಂಗಾಲ ಹೊರಬರಲಾಗದೆ ಒಳಗೇ ಸಿಕ್ಕಿಕೊಂಡು ಉಕ್ಕು ಗಟ್ಟಿಯಾಗುತ್ತದೆ. ಇದು ಮಾರ್ಟೆನ್ಸಿಟಿಕ್. ನಮ್ಮ ಅಡುಗೆಮನೆಯ ಚಾಕು ಇದರದ್ದೇ, ಮ್ಯಾಗ್ನೆಟ್ ಗಪ್ಪನೆ ಹಿಡಿಯುತ್ತದೆ.

ಇಂಗಾಲ ಕಡಿಮೆ ಮಾಡಿ ಕ್ರೋಮಿಯಂ ಏರಿಸಿದರೆ ಫೆರಿಟಿಕ್. ಇದೂ ಮ್ಯಾಗ್ನೆಟ್‌ಗೆ ಅಂಟುತ್ತದೆ, ಆದರೆ ಚಾಕುವಿನಷ್ಟು ಗಟ್ಟಿಯಾಗುವುದಿಲ್ಲ. 1988ರಿಂದ ಬಂದ ನಮ್ಮ 25 ಮತ್ತು 50 ಪೈಸೆ ನಾಣ್ಯಗಳು ಇದರವೇ. ಡಬ್ಬಿಯಲ್ಲಿ ಇಟ್ಟಿದ್ದ ಒಂದಕ್ಕೆ ಮ್ಯಾಗ್ನೆಟ್ ಹಿಡಿದೆ, ಟಕ್ಕಂತ ಅಂಟಿತು. ತುಕ್ಕು ಮಾತ್ರ ಒಂಚೂರೂ ಇರಲಿಲ್ಲ! ಅಂದರೆ "ಅಂಟಿದರೆ ನಕಲಿ" ಎಂಬ ಮಾತು ಅಲ್ಲೇ ಬಿದ್ದುಹೋಯಿತು.

ಮ್ಯಾಗ್ನೆಟ್ ಹಿಡಿಯದ ಜಾತಿಯನ್ನು 1912ರ ಹೊತ್ತಿಗೆ ಜರ್ಮನಿಯ ಕ್ರುಪ್ ಕಂಪನಿಯ ಸ್ಟ್ರೌಸ್ ಮತ್ತು ಮೌರರ್ ಕಂಡುಕೊಂಡರು. ಅವರು ಕ್ರೋಮಿಯಂ ಜೊತೆ ನಿಕ್ಕಲ್ ಸೇರಿಸಿದರು. ಕಬ್ಬಿಣ ಕೆಂಪಗೆ ಕಾದಾಗ ಅದರ ಅಣುಗಳು ಬೇರೊಂದು ಜೋಡಣೆಗೆ ಬರುತ್ತವೆ, ತಣಿದರೆ ಹಳೆಯದಕ್ಕೆ ಮರಳುತ್ತವೆ. ನಿಕ್ಕಲ್ ಅವನ್ನು ಮರಳಲು ಬಿಡುವುದಿಲ್ಲ. ಇದೇ ಆಸ್ಟೆನಿಟಿಕ್: ಮೆತ್ತಗೆ, ಒಡೆಯದು, ತಟ್ಟೆ ಲೋಟಕ್ಕೆ ಒತ್ತಲು ಹೇಳಿ ಮಾಡಿಸಿದ್ದು. ಇಂದು 304 ಅನ್ನುವ ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ.

ಹಾಗಾದರೆ ನಮ್ಮ ತಟ್ಟೆ? ನಿಕ್ಕಲ್ ದುಬಾರಿ. 1950ರ ದಶಕದಲ್ಲಿ ಅದರ ಕೊರತೆ ಬಿದ್ದಾಗ ಅಮೆರಿಕದವರು ಒಂದಷ್ಟು ನಿಕ್ಕಲ್ ತೆಗೆದು ಮ್ಯಾಂಗನೀಸ್ ಮತ್ತು ನೈಟ್ರೋಜನ್ ಹಾಕಿದರು. ಅದೇ 200 ಸರಣಿ. ನಿಕ್ಕಲ್ ಹೊರಗಿನಿಂದ ತರಿಸುವ ನಮಗೂ ಇದು ಒಗ್ಗಿತು. ಮ್ಯಾಂಗನೀಸ್ ಅದಿರು ನಮ್ಮ ಸಂಡೂರಿನ ಗುಡ್ಡಗಳಲ್ಲೇ ಇದೆಯಲ್ಲ. ಆದರೆ ಇಲ್ಲೊಂದು ತೊಡಕಿದೆ. ಕ್ರೋಮಿಯಂ ಉಕ್ಕನ್ನು ಫೆರೈಟ್ ಕಡೆಗೆ ಎಳೆಯುತ್ತದೆ, ನಿಕ್ಕಲ್ ಆಸ್ಟೆನೈಟ್ ಕಡೆಗೆ. ನಿಕ್ಕಲ್ ತೀರಾ ಇಳಿಸಿದರೆ ಕ್ರೋಮಿಯಂ ಅನ್ನೂ ಇಳಿಸಲೇಬೇಕು, ಇಲ್ಲದಿದ್ದರೆ ಜೋಡಣೆ ನಿಲ್ಲುವುದಿಲ್ಲ. ಅಗ್ಗದ ದರ್ಜೆಗಳಲ್ಲಿ ಅದು ಶೇ. 15ರ ಆಸುಪಾಸಿಗೆ ಬರುತ್ತದೆ. ಮ್ಯಾಗ್ನೆಟ್ ಹಿಡಿಯುವುದಿಲ್ಲ, ಆದರೆ ಕಾಪಾಡುವ ಪದರ ಸೊರಗಿರುತ್ತದೆ. ಉಪ್ಪು, ಹುಳಿ ಪುಂಡಿಪಲ್ಯ, ಬೋರ್‌ವೆಲ್ ನೀರು ಒಣಗಿದ ಕಲೆ, ಇಷ್ಟು ಸಾಕು.

ಇನ್ನೊಂದು ಮೋಜು. ಅಪ್ಪಟ 304 ಪಾತ್ರೆಯ ಬಗ್ಗಿಸಿದ ಅಂಚಿಗೆ ಮ್ಯಾಗ್ನೆಟ್ ತುಸು ಅಂಟಬಹುದು. ಒತ್ತಿ ಬಗ್ಗಿಸಿದಾಗ ಅಲ್ಲಿನ ಆಸ್ಟೆನೈಟ್ ಸ್ವಲ್ಪ ಮಾರ್ಟೆನ್ಸೈಟ್ ಆಗಿಬಿಡುತ್ತದೆ. ಹೀಗೆ ಮ್ಯಾಗ್ನೆಟ್ ಒಳ್ಳೆಯದನ್ನು ನಕಲಿ ಅನ್ನುತ್ತದೆ, ಅಗ್ಗದ್ದನ್ನು ಅಸಲಿ ಅನ್ನುತ್ತದೆ. ಅದು ಹೇಳುವುದು ಒಳಗಿನ ಜೋಡಣೆಯನ್ನು ಮಾತ್ರ, ತುಕ್ಕು ತಡೆಯುವ ತಾಕತ್ತನ್ನಲ್ಲ.

304ಕ್ಕೂ ಮಿತಿ ಇದೆ. ಬಿಸಿ ಉಪ್ಪುನೀರಿನಲ್ಲಿ, ಬಿಗಿತ ಇರುವ ಕಡೆ ಅದು ಬಿರುಕು ಬಿಡುತ್ತದೆ. ಅಂಥಲ್ಲಿ ಬರುವುದು ಡ್ಯೂಪ್ಲೆಕ್ಸ್: ಹೆಚ್ಚು ಕ್ರೋಮಿಯಂ, ಮಧ್ಯಮ ನಿಕ್ಕಲ್, ಅರ್ಧ ಫೆರೈಟ್, ಅರ್ಧ ಆಸ್ಟೆನೈಟ್. 1930ರ ಸುಮಾರಿಗೆ ಸ್ವೀಡನ್ನಿನಲ್ಲಿ ಕಾಗದ ಕಾರ್ಖಾನೆಗಳಿಗಾಗಿ ಬಂದದ್ದು, ಈಗ ಸಮುದ್ರದ ನೀರು ಹರಿಯುವ ಕೊಳವೆಗಳಲ್ಲಿದೆ. ಬಲವೂ 304ರ ಸುಮಾರು ಎರಡರಷ್ಟು. ಅದೂ ಮ್ಯಾಗ್ನೆಟ್‌ಗೆ ಅಂಟುತ್ತದೆ!

ಮುಂದಿನ ಸಲ ಅವ್ವ ಮ್ಯಾಗ್ನೆಟ್ ನೋಡಲಿಲ್ಲ. ಬಿಲ್ ಮೇಲೆ 304 ಅಂತ ಬರೆಸಿದಳು. ನಾನು ಬ್ಯಾಟರಿ ಜೊತೆ ಬರುವ ಟೆಸ್ಟ್ ದ್ರವದ ಒಂದು ಹನಿ ತಟ್ಟೆಯ ತಳಕ್ಕೆ ಹಾಕಿದೆ. ಮ್ಯಾಂಗನೀಸ್ ಜಾಸ್ತಿ ಇದ್ದರೆ ಅದು ಕೆಂಪಾಗುತ್ತದೆ. ಆಗಲಿಲ್ಲ. ಹಳೆಯ ಆರು ತಟ್ಟೆಗಳು ಈಗ ತುಳಸಿ, ಮಲ್ಲಿಗೆ ಕುಂಡಗಳ ಕೆಳಗಿವೆ. ಉಪ್ಪಿನಕಾಯಿ ಮಾತ್ರ ಮೊದಲಿನಂತೆ ಪಿಂಗಾಣಿ ಭರಣಿಯಲ್ಲೇ. ಆ ವಿಷಯದಲ್ಲಿ ಅವ್ವನಿಗೆ ಯಾವ ಇಂಜಿನಿಯರೂ ಬೇಕಿರಲಿಲ್ಲ.