ತನ್ನನ್ನೇ ಕುರಿತ ನುಡಿ ಮತ್ತು ಭಾಷೆಯ ಅಂತಸ್ತುಗಳು

‘ಗಂಜಾಂ ಶ್ರೀರಂಗಪಟ್ಟಣದ ದ್ವೀಪದಲ್ಲಿದೆ’ ಎಂದರೆ ಒಂದು ಊರಿನ ವಿಷಯವನ್ನು ಹೇಳಿದಂತಾಯಿತು. ‘ಗಂಜಾಂ ಎಂಬುದು ಎರಡಕ್ಷರದ ಪದ’ ಎಂದರೆ ಊರಿನ ಮಾತು ಅಲ್ಲಿಲ್ಲ. ಊರಿನ ಹೆಸರಿನ ಮಾತು ಮಾತ್ರ ಇದೆ. ಎರಡಕ್ಷರದ ಊರಿನಲ್ಲಿ ಯಾರೂ ಮನೆ ಕಟ್ಟಲಾರರು. ಈ ಭೇದವನ್ನು ತೋರಲು ಕನ್ನಡಕ್ಕೆ ‘ಎಂಬುದು’, ‘ಎಂದು’ ಎಂಬ ಸಾಧನಗಳುಂಟು. ಸಂಸ್ಕೃತಕ್ಕೆ ‘ಇತಿ’ ಉಂಟು. ವ್ಯಾಕರಣಶಾಸ್ತ್ರದೊಳಗೆ ಶಬ್ದವು ತನ್ನ ಸ್ವರೂಪವನ್ನೇ ಸೂಚಿಸುತ್ತದೆ, ಅರ್ಥವನ್ನಲ್ಲ, ಎಂದು ಪಾಣಿನಿಯು ಅಷ್ಟಾಧ್ಯಾಯಿಯ ಮೊದಲ ಪಾದದಲ್ಲಿಯೇ ವಿಧಿಸಿದನು. ಅಗ್ನಿಗೆ ಪ್ರತ್ಯಯವನ್ನು ಹಚ್ಚಬೇಕೆಂಬ ಸೂತ್ರವನ್ನೋದಿದ ವಿದ್ಯಾರ್ಥಿಯು ಕೆಂಡವನ್ನು ಹುಡುಕಿಕೊಂಡು ಹೋಗಬಾರದಷ್ಟೆ!

ಈ ಭೇದವು ಕನ್ನಡ ವ್ಯಾಕರಣಗಳ ಇತಿಹಾಸದಲ್ಲಿ ಕಣ್ಣಿಗೆ ಕಾಣುವಂತೆ ನಿಂತಿದೆ. ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ದ ವಿಷಯ ಕನ್ನಡ, ಸೂತ್ರಗಳ ಭಾಷೆ ಸಂಸ್ಕೃತ. 1604ರಲ್ಲಿ ಭಟ್ಟಾಕಳಂಕನು ರಚಿಸಿದ ‘ಕರ್ಣಾಟಕ ಶಬ್ದಾನುಶಾಸನ’ದ ಕ್ರಮವೂ ಇದೇ. ಇಲ್ಲಿ ವಿಚಾರಕ್ಕೆ ಒಳಗಾದ ಭಾಷೆ ಬೇರೆ, ವಿಚಾರಿಸುವ ಭಾಷೆ ಬೇರೆ. ಮೊದಲನೆಯದನ್ನು ವಸ್ತುಭಾಷೆ ಎಂದೂ ಎರಡನೆಯದನ್ನು ಅಧಿಭಾಷೆ ಎಂದೂ ಕರೆಯಬಹುದು. ಹದಿಮೂರನೆಯ ಶತಮಾನದ ಕೇಶಿರಾಜನಾದರೋ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಕನ್ನಡದ ಕಂದಗಳಲ್ಲಿಯೇ ರಚಿಸಿದನು. ಸಂಧಿಯನ್ನು ಕುರಿತ ಸೂತ್ರವೂ ಸಂಧಿನಿಯಮಕ್ಕೆ ಒಳಪಟ್ಟ ಕನ್ನಡ ವಾಕ್ಯವೇ. ಕನ್ನಡವು ಕನ್ನಡವನ್ನೇ ಕುರಿತು ನುಡಿಯಿತು. ಯಾವ ಅನರ್ಥವೂ ಸಂಭವಿಸಲಿಲ್ಲ. ಆದುದರಿಂದ ಭಾಷೆಯು ತನ್ನನ್ನು ತಾನೇ ಕುರಿತು ನುಡಿಯುವುದು ದೋಷವಲ್ಲ. ದೋಷವು ಹುಟ್ಟುವ ಸ್ಥಳ ಬೇರೆಯೇ ಇದೆ.

ಆ ಸ್ಥಳವನ್ನು ಕ್ರಿ. ಶ. ಐದನೆಯ ಶತಮಾನದ ಸುಮಾರಿನಲ್ಲಿದ್ದ ಭರ್ತೃಹರಿಯು ‘ವಾಕ್ಯಪದೀಯ’ದ ಮೂರನೆಯ ಕಾಂಡದ ಸಂಬಂಧಸಮುದ್ದೇಶದಲ್ಲಿ ಮುಟ್ಟಿದ್ದಾನೆ. ಒಂದು ವಸ್ತುವನ್ನು ‘ಅವಾಚ್ಯ’ ಎಂದರೆ, ಆ ಶಬ್ದದಿಂದಲೇ ಅದು ವಾಚ್ಯವಾಗಿಬಿಡುವುದಲ್ಲವೆ ಎಂಬುದು ಅಲ್ಲಿನ ಶಂಕೆ. ಪರವಸ್ತುವು ಮಾತಿಗೆ ನಿಲುಕದೆಂದು ಮಾತಿನಿಂದಲೇ ಹೇಳುವ ಗ್ರಂಥಗಳನ್ನು ಓದುವವರಿಗೆ ಈ ಶಂಕೆ ಹೊಸದಾಗಿರಲಾರದು. ಅದೇ ಪ್ರಸಂಗದಲ್ಲಿ ಭರ್ತೃಹರಿಯು ‘ನಾನು ಹೇಳುವುದೆಲ್ಲವೂ ಸುಳ್ಳು’ ಎಂಬ ವಾಕ್ಯವನ್ನೆತ್ತಿಕೊಳ್ಳುತ್ತಾನೆ. ಈ ಮಾತು ತನ್ನನ್ನೂ ಸುಳ್ಳೆಂದು ಹೇಳುವುದಾದರೆ ಹೇಳಹೊರಟ ಅರ್ಥವೇ ತಿಳಿಯದೆ ಹೋಗುತ್ತದೆ. ಆದುದರಿಂದ ಹೇಳುವವನ ವಿವಕ್ಷೆಯಲ್ಲಿ ಆ ವಾಕ್ಯವು ತಾನೇ ಸೇರಿಲ್ಲ ಎಂಬುದು ಅವನ ಸಮಾಧಾನ. ಬೋಧಿಸುತ್ತಿರುವ ಶಬ್ದವು ಅದೇ ಗಳಿಗೆಯಲ್ಲಿ, ಅದೇ ವ್ಯಾಪಾರದಲ್ಲಿ, ತಾನೇ ಬೋಧ್ಯವಾಗದೆಂಬ ದೃಷ್ಟಿ ಇದರ ಹಿಂದಿದೆ. ಇದು ಸೂಕ್ಷ್ಮವಾದ ಮಾತು. ಆದರೆ ಹೇಳುವವನು ‘ಇಲ್ಲ, ಈ ವಾಕ್ಯವನ್ನೂ ಸೇರಿಸಿಯೇ ಹೇಳಿದೆ’ ಎಂದು ಹಟ ಹಿಡಿದರೆ ವಿವಕ್ಷೆಯ ಆಧಾರ ಜಾರಿಹೋಗುತ್ತದೆ.

ತೊಡಕಿನ ಸ್ವರೂಪವನ್ನು ಒಂದು ಕಪ್ಪುಹಲಗೆಯಿಂದ ತಿಳಿಯಬಹುದು. ಗಂಜಾಮಿನ ಯಾವುದೋ ಪಾಠಶಾಲೆಯ ಹಲಗೆಯ ಮೇಲೆ ಎರಡು ವಾಕ್ಯಗಳಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದು: ‘ಗಂಜಾಂ ದ್ವೀಪದಲ್ಲಿದೆ.’ ಎರಡನೆಯದು: ‘ಈ ಹಲಗೆಯ ಮೇಲಿನ ವಾಕ್ಯಗಳೆಲ್ಲವೂ ಸುಳ್ಳು.’ ಎರಡನೆಯದು ಸತ್ಯವಾಗಿದ್ದರೆ ತಾನೂ ಸುಳ್ಳಾಗಬೇಕು, ಆದಕಾರಣ ಸತ್ಯವಲ್ಲ. ಸುಳ್ಳಾದರೆ ಹಲಗೆಯ ಮೇಲೆ ಒಂದಾದರೂ ಸತ್ಯವಾಕ್ಯವಿರಬೇಕು. ಮೊದಲನೆಯದು ಸತ್ಯವಾಗಿಯೇ ಇದೆ. ಹೀಗೆ ಎರಡನೆಯದು ಸುಮ್ಮನೆ ಸುಳ್ಳು, ಅಷ್ಟೇ. ವಿರೋಧವೇನೂ ಇಲ್ಲ.

ಈಗ ಮೊದಲನೆಯ ವಾಕ್ಯವನ್ನು ಒರೆಸಿಬಿಡೋಣ. ಉಳಿದ ವಾಕ್ಯವು ಸತ್ಯವಾದರೆ ಸುಳ್ಳು ಎಂಬುದು ಹಿಂದಿನಂತೆಯೇ. ಸುಳ್ಳಾದರೆ ಹಲಗೆಯ ಮೇಲೆ ಸತ್ಯವಾದುದೊಂದು ಇರಬೇಕು, ಅಲ್ಲಿರುವುದು ಅದೊಂದೇ, ಆದುದರಿಂದ ಅದು ಸತ್ಯ. ಸತ್ಯದಿಂದ ಸುಳ್ಳಿಗೆ, ಸುಳ್ಳಿನಿಂದ ಸತ್ಯಕ್ಕೆ ಓಲಾಟ ನಿಲ್ಲದು. ವಾಕ್ಯದ ಒಂದಕ್ಷರವೂ ಬದಲಾಗಲಿಲ್ಲ, ಬದಲಾದುದು ಹಲಗೆ ಮಾತ್ರ ಎಂಬುದನ್ನು ಗಮನಿಸಬೇಕು. ಒರೆಸುವ ಬದಲು ‘ಗಂಜಾಂ ತುಂಗಭದ್ರೆಯ ದಡದಲ್ಲಿದೆ’ ಎಂದು ತಿದ್ದಿದ್ದರೂ ಇದೇ ಗತಿಯಾಗುತ್ತಿತ್ತು. ಆದಕಾರಣ ಇಂತಹ ವಾಕ್ಯಗಳನ್ನು ವ್ಯಾಕರಣದೋಷವುಳ್ಳವೆಂದೋ ಅರ್ಥಹೀನವೆಂದೋ ಮೊದಲೇ ಆರಿಸಿ ತೆಗೆಯುವುದು ಸಾಧ್ಯವಿಲ್ಲ.

ಕೇಶಿರಾಜನ ಕಂದಕ್ಕೆ ಬಾರದ ಸಂಕಟ ಇಲ್ಲಿ ಬಂದುದೇಕೆ? ಸಂಧಿ, ವಿಭಕ್ತಿ, ಅಕ್ಷರಸಂಖ್ಯೆ ಇವು ವಾಕ್ಯದ ರೂಪಕ್ಕೆ ಸೇರಿದವು. ವಾಕ್ಯವು ಏನು ಹೇಳಿದರೂ ಅವು ಕದಲುವುದಿಲ್ಲ. ಸತ್ಯ, ಸುಳ್ಳು ಎಂಬ ಗುಣಗಳು ವಾಕ್ಯವು ಏನನ್ನು ಹೇಳುತ್ತದೆಯೋ ಅದನ್ನೇ ಅವಲಂಬಿಸಿವೆ. ವಾಕ್ಯವು ತನ್ನ ಸುಳ್ಳುತನವನ್ನೇ ಹೇಳಹೊರಟಾಗ ನಿಲ್ಲಲು ಬೇರೆ ನೆಲವಿರುವುದಿಲ್ಲ.

ಪೋಲೆಂಡಿನ ತರ್ಕಶಾಸ್ತ್ರಜ್ಞ ಆಲ್‌ಫ್ರೆಡ್ ಟಾರ್ಸ್ಕಿಯು 1933ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಈ ಕಾರಣವನ್ನು ಬಿಡಿಸಿ ತೋರಿಸಿದನು. ಸತ್ಯದ ಲಕ್ಷಣವು ಕನಿಷ್ಠಪಕ್ಷ ಹೀಗಿರಬೇಕೆಂಬುದು ಅವನ ಮತ: ‘ಗಂಜಾಂ ದ್ವೀಪದಲ್ಲಿದೆ’ ಎಂಬ ವಾಕ್ಯವು ಸತ್ಯವಾಗುವುದು ಗಂಜಾಂ ದ್ವೀಪದಲ್ಲಿದ್ದರೆ, ಇದ್ದರೆ ಮಾತ್ರ. ಮೊದಲ ಸಲ ವಾಕ್ಯದ ಹೆಸರು ಬಂದಿದೆ, ಎರಡನೆಯ ಸಲ ವಾಕ್ಯವೇ ಪ್ರಯೋಗವಾಗಿದೆ. ನಡುವೆ ನಿಂತಿರುವುದು ಅದೇ ‘ಎಂಬ’. ಒಂದು ಭಾಷೆಯು ತನ್ನ ವಾಕ್ಯಗಳಿಗೆಲ್ಲ ಹೆಸರನ್ನು ಹೊಂದಿದ್ದು, ಅವಕ್ಕೆಲ್ಲ ಅನ್ವಯಿಸುವ ‘ಸತ್ಯ’ ಪದವನ್ನೂ ತನ್ನಲ್ಲಿಟ್ಟುಕೊಂಡು, ಸಾಮಾನ್ಯ ತರ್ಕನಿಯಮಗಳನ್ನೂ ಒಪ್ಪಿದರೆ ವಿರೋಧವು ತಪ್ಪದು. ತರ್ಕವನ್ನು ಬಿಡಲು ಟಾರ್ಸ್ಕಿ ಸಿದ್ಧನಿರಲಿಲ್ಲ. ಹೆಸರುಗಳನ್ನು ಬಿಟ್ಟರೆ ಶಾಸ್ತ್ರವೇ ನಡೆಯದು. ಉಳಿದುದು ‘ಸತ್ಯ’ವೆಂಬ ಪದ; ಅದನ್ನು ಅವನು ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದನು. ವಸ್ತುಭಾಷೆಯ ಸತ್ಯವನ್ನು ಅಧಿಭಾಷೆ ಹೇಳಬೇಕು, ಅಧಿಭಾಷೆಯ ಸತ್ಯವನ್ನು ಅದಕ್ಕೂ ಮೇಲಿನದು.

ಹಲಗೆಗೆ ಇದನ್ನು ಅನ್ವಯಿಸಿದರೆ, ‘ಗಂಜಾಂ ದ್ವೀಪದಲ್ಲಿದೆ’ ಎಂಬುದು ನೆಲದ ಅಂತಸ್ತಿನ ವಾಕ್ಯ. ‘ಎಲ್ಲವೂ ಸುಳ್ಳು’ ಎಂಬುದು ಮೊದಲ ಅಂತಸ್ತಿನದು. ಅದರ ‘ಎಲ್ಲ’ ನೆಲದ ಅಂತಸ್ತಿನ ವಾಕ್ಯಗಳನ್ನು ಮಾತ್ರ ಒಳಗೊಳ್ಳುತ್ತದೆ, ತನ್ನನ್ನಲ್ಲ. ಮೇಲಿನ ವಾಕ್ಯವಿದ್ದಾಗ ಅದು ಸುಳ್ಳು. ಒರೆಸಿದಾಗ, ಸುಳ್ಳೆನ್ನಲು ಯಾವ ವಾಕ್ಯವೂ ಇಲ್ಲದುದರಿಂದ, ತರ್ಕಶಾಸ್ತ್ರದ ರೂಢಿಯಂತೆ ಅದು ಸತ್ಯ. ಓಲಾಟ ನಿಂತಿತು. ಭರ್ತೃಹರಿಯು ವಕ್ತೃವಿನ ವಿವಕ್ಷೆಯಿಂದ ಸಾಧಿಸಿದುದನ್ನು ಇಲ್ಲಿ ಭಾಷೆಯ ರಚನೆಯೇ ಸಾಧಿಸುತ್ತದೆ. ಹಟಮಾರಿಗೆ ಇಲ್ಲಿ ಅವಕಾಶವಿಲ್ಲ. ಎರಡನ್ನೂ ಒಂದೇ ಎನ್ನುವುದು ಸರಿಯಲ್ಲ.

ಟಾರ್ಸ್ಕಿಯ ವ್ಯವಸ್ಥೆಯು ಶಾಸ್ತ್ರಕ್ಕಾಗಿ ಕಟ್ಟಿದ ಕೃತಕಭಾಷೆಗಳಿಗೆ ಸಲ್ಲುವಂಥದು. ಆಡುಮಾತಿಗೆ ಅದನ್ನು ತೊಡಿಸಲು ಹೋದರೆ ಕಷ್ಟ ಕಾಣುತ್ತದೆ. ನೆರೆಮನೆಯವರಿಬ್ಬರಲ್ಲಿ ಒಬ್ಬನು ‘ಅವನ ಮಾತೆಲ್ಲ ಸುಳ್ಳು’ ಎನ್ನುತ್ತಾನೆ, ಇನ್ನೊಬ್ಬನೂ ಅದನ್ನೇ ಅನ್ನುತ್ತಾನೆ. ಯಾರ ‘ಸುಳ್ಳು’ ಯಾರದಕ್ಕಿಂತ ಮೇಲಿನ ಅಂತಸ್ತಿನದು? ಪ್ರತಿಯೊಂದೂ ಇನ್ನೊಂದಕ್ಕಿಂತ ಮೇಲಿರಬೇಕಾಗುತ್ತದೆ, ಅದು ಅಸಾಧ್ಯ. ಆದರೂ ಜಗಳ ನೋಡುವವರಿಗೆ ಇಬ್ಬರ ಮಾತೂ ತಿಳಿಯುತ್ತದೆ, ಇಬ್ಬರೂ ಒಮ್ಮೆಯಾದರೂ ನಿಜ ನುಡಿದಿದ್ದರೆ ಎರಡು ಮಾತೂ ಸುಳ್ಳೆಂದು ನಿರ್ಣಯವೂ ಆಗುತ್ತದೆ. ಇಂತಹ ಉದಾಹರಣೆಗಳನ್ನು ಮುಂದಿಟ್ಟು ಅಮೆರಿಕದ ಸಾಲ್ ಕ್ರಿಪ್ಕೆಯು 1975ರಲ್ಲಿ ಒಂದೇ ‘ಸತ್ಯ’ ಪದವುಳ್ಳ ಭಾಷೆಯನ್ನು ಕಟ್ಟಿ ತೋರಿಸಿದನು. ಅಲ್ಲಿ ನೆಲಕ್ಕೆ ಮುಟ್ಟುವ ವಾಕ್ಯಗಳು ಸತ್ಯವೋ ಸುಳ್ಳೋ ಆಗುತ್ತವೆ. ಒರೆಸಿದ ಹಲಗೆಯ ಮೇಲಿನಂಥವು ಎರಡೂ ಆಗದೆ ಉಳಿಯುತ್ತವೆ. ಆದರೆ ‘ಈ ವಾಕ್ಯವು ಸತ್ಯವೂ ಅಲ್ಲ, ಸುಳ್ಳೂ ಅಲ್ಲ’ ಎಂಬ ನಿರ್ಣಯವನ್ನು ಆ ಭಾಷೆಯೊಳಗೆ ನಿಂತು ಹೇಳಲಾಗದು. ಅದಕ್ಕೆ ಮತ್ತೊಂದು ಮೆಟ್ಟಿಲನ್ನು ಏರಲೇಬೇಕು. ಟಾರ್ಸ್ಕಿಯ ಅಂತಸ್ತುಗಳ ನೆರಳು ಇನ್ನೂ ಬಿಟ್ಟುಹೋಗಿಲ್ಲವೆಂದು ಕ್ರಿಪ್ಕೆಯೇ ಆ ಲೇಖನದಲ್ಲಿ ಒಪ್ಪಿಕೊಂಡಿದ್ದಾನೆ.