ಗಡಿನಾಡಿನ ಡೀಸೆಲ್ ಮತ್ತು ರ‍್ಯಾಮ್ಸೆಯ ತೆರಿಗೆ ಸೂತ್ರ

ಬೆಲೆ ಏರಿದರೂ ಜನ ಕೊಳ್ಳುವುದನ್ನು ಬಿಡದ ಸರಕಿಗೆ ಹೆಚ್ಚು ತೆರಿಗೆ, ಏರಿದೊಡನೆ ಕೈಬಿಡುವ ಸರಕಿಗೆ ಕಡಿಮೆ ತೆರಿಗೆ. ಕೇಂಬ್ರಿಜ್‌ನ ಫ್ರಾಂಕ್ ರ‍್ಯಾಮ್ಸೆ 1927ರಲ್ಲಿ ಪ್ರಕಟಿಸಿದ ಲೇಖನದಿಂದ ಹೊರಟ ಈ ಸೂತ್ರವನ್ನು ಬೀದರ್ ಜಿಲ್ಲೆಯ ಗೋರ್ಟಾ (ಬಿ) ಸೀಮೆಯ ಡೀಸೆಲ್ ವ್ಯಾಪಾರಕ್ಕೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಕಿರಾಣಿ ಅಂಗಡಿಯ ಒಂದು ಕಾಲ್ಪನಿಕ ಲೆಕ್ಕ. ಉಪ್ಪು, ಬಿಸ್ಕತ್ತು ಎರಡೂ ಪೊಟ್ಟಣಕ್ಕೆ 20 ರೂಪಾಯಿ. ಎರಡೂ ತಿಂಗಳಿಗೆ 100 ಪೊಟ್ಟಣ ಖರ್ಚಾಗುತ್ತವೆ. ಪೊಟ್ಟಣಕ್ಕೆ 4 ರೂಪಾಯಿ ತೆರಿಗೆ ಬಿದ್ದು, ಅಷ್ಟೂ ಗಿರಾಕಿಯ ಮೇಲೆಯೇ ಬಂತೆನ್ನೋಣ. ಉಪ್ಪು 98ಕ್ಕೆ ಇಳಿದರೆ ಖಜಾನೆಗೆ 392 ರೂಪಾಯಿ. ಬಿಸ್ಕತ್ತು 70ಕ್ಕೆ ಇಳಿದರೆ 280. ಕೊಳ್ಳದೆ ಉಳಿದ 30 ಬಿಸ್ಕತ್ತು ಪೊಟ್ಟಣಗಳಿಂದ ಗಿರಾಕಿಗೆ ತಿನಿಸಿಲ್ಲ, ಸರ್ಕಾರಕ್ಕೆ ಕಾಸಿಲ್ಲ. ಇದೇ ತೆರಿಗೆಯ ವ್ಯರ್ಥ ನಷ್ಟ. ಬೇಡಿಕೆಯ ಗೆರೆ ನೇರವಾಗಿದ್ದರೆ ಅದು ತೆರಿಗೆಯನ್ನು ಕುಸಿದ ಮಾರಾಟದಿಂದ ಗುಣಿಸಿದ ಮೊತ್ತದ ಅರ್ಧ: ಉಪ್ಪಿನಲ್ಲಿ 4 ರೂಪಾಯಿ, ಬಿಸ್ಕತ್ತಿನಲ್ಲಿ 60. ಉಪ್ಪಿನ ಬೇಡಿಕೆಗೆ ಸ್ಥಿತಿಸ್ಥಾಪಕತ್ವ ಕಡಿಮೆ ಎನ್ನುವುದರ ಅರ್ಥ ಇಷ್ಟೇ.

ಡೀಸೆಲ್ ಉಪ್ಪಿನಂಥದೇ ಎಂಬುದು ಸಾಮಾನ್ಯ ನಂಬಿಕೆ. ಕರ್ನಾಟಕ ಅದರ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿಸಿತು. ಎರಡನೆಯ ಏರಿಕೆಯಿಂದ ಲೀಟರಿನ ಬೆಲೆ ಸುಮಾರು 2 ರೂಪಾಯಿ ಹೆಚ್ಚಿತು. ಬಿತ್ತನೆಗೆ ಹೊಲ ಹದ ಮಾಡಬೇಕಾದ ಟ್ರ್ಯಾಕ್ಟರ್ ಮಾಲೀಕ ಇಷ್ಟಕ್ಕೆ ಉಳುಮೆ ಬಿಡುವುದಿಲ್ಲ. ಆದರೆ ಹುಮನಾಬಾದ್ ದಾಟಿ ಉಮರ್ಗಾ ಕಡೆ ಸಾಗುವ ಲಾರಿಗೆ ಮುಂದೆ ಮಹಾರಾಷ್ಟ್ರದ ಬಂಕುಗಳಿವೆ.

ಅಲ್ಲಿ ಡೀಸೆಲ್ ಅಗ್ಗವಾಯಿತೆಂದು ಭಾವಿಸೋಣ. ನಮ್ಮ ತೆರಿಗೆ ಲೀಟರಿಗೆ 14ರಿಂದ 16 ರೂಪಾಯಿಗೆ ಏರಿತೆಂದೂ ಇರಲಿ. 300 ಲೀಟರಿನ ಒಂದು ಲಾರಿ ಆಚೆ ತುಂಬಿಸಿಕೊಂಡರೆ ಹೋಗುವುದು ಹೆಚ್ಚುವರಿ 2 ರೂಪಾಯಿಯಷ್ಟೇ ಅಲ್ಲ, ಮೊದಲು ಬರುತ್ತಿದ್ದ 4,200 ರೂಪಾಯಿಯೂ. ಅದನ್ನು ಹೊಸ ಏರಿಕೆಯಿಂದ ತುಂಬಿಕೊಳ್ಳಲು 2,100 ಲೀಟರ್, ಅಂದರೆ ತಲಾ 50 ಲೀಟರಿನ 42 ಟ್ರ್ಯಾಕ್ಟರ್‌ಗಳು ಬೇಕು. ಏರಿಕೆಯ ನಂತರವೂ ನೆರೆ ರಾಜ್ಯಗಳಿಗಿಂತ ನಮ್ಮ ಬೆಲೆ ಕಡಿಮೆ ಎಂದು ಸರ್ಕಾರ ಹೇಳಿಕೊಂಡದ್ದರ ಹಿಂದೆ ಈ ಲೆಕ್ಕಕ್ಕೂ ಜಾಗವಿದೆ.

ಸೂತ್ರಕ್ಕೆ ಇನ್ನೊಂದು ಮಿತಿಯಿದೆ: ಯಾರ ಮೇಲೆ ಹೊರೆ ಎಂದು ಅದು ಕೇಳುವುದಿಲ್ಲ. ಬ್ರಿಟಿಷ್ ಭಾರತದಲ್ಲಿ 1923ರಲ್ಲಿ ಉಪ್ಪಿನ ತೆರಿಗೆ ಮಣಕ್ಕೆ ಒಂದೂಕಾಲು ರೂಪಾಯಿಯಿಂದ ಎರಡೂವರೆಗೆ ಏರಿ, ವಿರೋಧದಿಂದ ಮರುವರ್ಷವೇ ಇಳಿಯಿತು. ಕೂಲಿಯವನೂ ಸಾಹುಕಾರನೂ ಹೆಚ್ಚುಕಡಿಮೆ ಅಷ್ಟೇ ಉಪ್ಪು ತಿನ್ನುತ್ತಾರೆ. ಆದಾಯದಲ್ಲಿ ದೊಡ್ಡ ಪಾಲು ತೆತ್ತವನು ಕೂಲಿಯವನು.

ಲಾರಿ, ಟ್ರ್ಯಾಕ್ಟರ್‌ಗಳ ಲೆಕ್ಕಕ್ಕೆ ಮರಳಿದರೆ, ಸ್ಥಿತಿಸ್ಥಾಪಕತ್ವ ಸರಕಿನೊಂದಿಗೆ ಹುಟ್ಟಿದ ಗುಣವಲ್ಲ. ಕೊಳ್ಳುವವನಿಗೆ ಬೇರೆ ದಾರಿ ಎಷ್ಟಿದೆ ಎಂಬುದರ ಅಳತೆ. ಗಡಿಯಲ್ಲಿ ಲಾರಿಗೆ ಆ ದಾರಿ ಇದೆ, ಟ್ರ್ಯಾಕ್ಟರಿಗೆ ಇಲ್ಲ. ಒಂದೇ ದರದ ತೆರಿಗೆ ಕೊನೆಗೆ ನಿಲ್ಲುವುದು ಟ್ರ್ಯಾಕ್ಟರಿನ ಮೇಲೆ.